ಅಂಕಕ್ಕೆ 2 ನಿಮಿಷ: ಟಾಪರ್ ಒಬ್ಬಳ ಗಣಿತ ಪತ್ರಿಕೆ

ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ತಿಳಿಯದೆ ಬಿಟ್ಟ ಲೆಕ್ಕಕ್ಕಿಂತ, ತಿಳಿದಿದ್ದೂ ಸಮಯ ಸಾಲದೆ ಬಿಟ್ಟ ಲೆಕ್ಕ ಮಕ್ಕಳನ್ನು ಹೆಚ್ಚು ದಿನ ಕಾಡುತ್ತದೆ. ಪತ್ರಿಕೆ 80 ಅಂಕದ್ದು, ಪ್ರಶ್ನೆಗಳು 38. ಓದಿಕೊಳ್ಳಲು 15 ನಿಮಿಷ, ಬರೆಯಲು 3 ಗಂಟೆ. ಇದರಲ್ಲಿ ಪೂರ್ತಿ ಅಂಕ ತೆಗೆಯುವ ಹುಡುಗಿಯೊಬ್ಬಳ ಲೆಕ್ಕಾಚಾರ ಬಹಳ ಸರಳ. 180 ನಿಮಿಷದಲ್ಲಿ 20 ನಿಮಿಷವನ್ನು ಮೊದಲೇ ಎತ್ತಿಟ್ಟುಬಿಡುತ್ತಾಳೆ. ಉಳಿದ 160 ನಿಮಿಷ 80 ಅಂಕಕ್ಕೆ, ಅಂದರೆ ಅಂಕಕ್ಕೆ 2 ನಿಮಿಷ. ಸ್ಮಾರ್ಟ್ ವಾಚ್ ಒಳಗೆ ಬಿಡುವುದಿಲ್ಲವಾದ್ದರಿಂದ ಲೆಕ್ಕ ಇಷ್ಟು ಸುಲಭವಾಗಿದ್ದರೇ ಒಳ್ಳೆಯದು. ಗೋಡೆ ಗಡಿಯಾರ ಅಥವಾ ಗಂಟೆಯ ಸದ್ದಿನಿಂದಲೇ ಎಲ್ಲಿದ್ದೇವೆಂದು ಗೊತ್ತಾಗಬೇಕು.

ಓದುವ 15 ನಿಮಿಷ

ಅವಳು ಪತ್ರಿಕೆಯನ್ನು ಹಿಂದಿನಿಂದ ಓದುತ್ತಾಳೆ. 4 ಮತ್ತು 5 ಅಂಕದ ಪ್ರಶ್ನೆಗಳು ಅಲ್ಲಿವೆ. ‘ಅಥವಾ’ ಇರುವ ಕಡೆ ಯಾವುದನ್ನು ಬರೆಯುವುದೆಂದು ಈಗಲೇ ತೀರ್ಮಾನ. ಬರೆಯುತ್ತಾ ಕುಳಿತು ನಡುವೆ ಮನಸ್ಸು ಬದಲಿಸಿದರೆ, ಅರ್ಧ ಬರೆದದ್ದಕ್ಕೆ ಹೋದ ನಿಮಿಷಗಳು ವಾಪಸು ಬರುವುದಿಲ್ಲ.

ಉಳಿದಿರುವುದು 180 ನಿಮಿಷ

ಮೊದಲು ಒಂದು ಅಂಕದ 16 ಪ್ರಶ್ನೆಗಳು: 8 ಬಹು ಆಯ್ಕೆ, 8 ನೇರ ಉತ್ತರ. ನಿಯಮದ ಪ್ರಕಾರ ಇವಕ್ಕೆ 32 ನಿಮಿಷ. ಅವಳು 20ರಲ್ಲಿ ಮುಗಿಸುತ್ತಾಳೆ. ಬಹು ಆಯ್ಕೆಯಲ್ಲಿ ಕ್ರಮಾಕ್ಷರದ ಜೊತೆ ಪೂರ್ಣ ಉತ್ತರವನ್ನೂ ಬರೆಯಬೇಕು. ಆತುರಪಟ್ಟು ಬರೀ ಅಕ್ಷರ ಬರೆದು ಮುಂದೆ ಹೋಗುವವರು ಇಲ್ಲೇ ಎಡವುತ್ತಾರೆ.

ಉಳಿದಿರುವುದು 160 ನಿಮಿಷ

2 ಅಂಕದ 8 ಪ್ರಶ್ನೆಗಳಿಗೆ ತಲಾ 4 ನಿಮಿಷ, ಒಟ್ಟು 32. ಉಳಿಸಿದ 12 ನಿಮಿಷವನ್ನು ಇಲ್ಲಿ ಮುಟ್ಟುವುದಿಲ್ಲ.

ಉಳಿದಿರುವುದು 128 ನಿಮಿಷ

ಪತ್ರಿಕೆಯ ನಿಜವಾದ ಏರು ಇದು: 3 ಅಂಕದ 9 ಪ್ರಶ್ನೆಗಳು, ತಲಾ 6 ನಿಮಿಷ. ಸಿಕ್ಕಿಹಾಕಿಕೊಳ್ಳುವುದೂ ಇಲ್ಲೇ. ಒಂದು ಉದಾಹರಣೆ: ಎರಡು ಅನುಕ್ರಮ ಬೆಸ ಧನ ಪೂರ್ಣಾಂಕಗಳ ವರ್ಗಗಳ ಮೊತ್ತ 290, ಆ ಸಂಖ್ಯೆಗಳಾವುವು? ಸಂಖ್ಯೆಗಳನ್ನು x, x + 2 ಎಂದಿಟ್ಟುಕೊಂಡು ಅವಳು ಬರೆಯುತ್ತಾಳೆ:

x² + (x + 2)² = 290

ಬಿಡಿಸುತ್ತಾ ಹೋದಾಗ ಕೊನೆಗೆ ಸಿಕ್ಕಿದ್ದು x² + 2x + 143 = 0. ಶೋಧಕ 4 − 572, ಅಂದರೆ ಋಣ ಸಂಖ್ಯೆ. ಮೂಲಗಳು ವಾಸ್ತವವಲ್ಲ! ಪ್ರಶ್ನೆಯೇ ಪೂರ್ಣಾಂಕ ಕೇಳುತ್ತಿರುವಾಗ ಇದು ಸಾಧ್ಯವಿಲ್ಲ, ತಪ್ಪು ತನ್ನ ಹಂತಗಳಲ್ಲೇ ಇದೆ ಎಂದು ಅವಳಿಗೆ ಗೊತ್ತಾಗುತ್ತದೆ. ಆದರೆ 6 ನಿಮಿಷ ಮುಗಿದಿದೆ. ಬರೆದದ್ದನ್ನು ಹೊಡೆದುಹಾಕದೆ, ಕೆಳಗೆ ಅರ್ಧ ಪುಟ ಖಾಲಿ ಬಿಟ್ಟು, ಪ್ರಶ್ನೆಪತ್ರಿಕೆಯ ಆ ಸಂಖ್ಯೆಯನ್ನು ನೆನಪಿಟ್ಟುಕೊಂಡು ಮುಂದಿನ ಲೆಕ್ಕಕ್ಕೆ ಹೋಗುತ್ತಾಳೆ. ಮೌಲ್ಯಮಾಪನದಲ್ಲಿ ಅಂಕ ಹಂತ ಹಂತಕ್ಕೆ ಸಿಗುವುದರಿಂದ, ಸಮೀಕರಣ ಸರಿಯಾಗಿ ರಚಿಸಿದ್ದು ವ್ಯರ್ಥವಾಗುವುದಿಲ್ಲ.

ಉಳಿದಿರುವುದು 74 ನಿಮಿಷ

4 ಅಂಕದ ನಾಲ್ಕಕ್ಕೆ ತಲಾ 8 ನಿಮಿಷ, 5 ಅಂಕದ ಒಂದಕ್ಕೆ 10. ಪ್ರಮೇಯವಾದರೆ ಮೊದಲು ಚಿತ್ರ, ದತ್ತ, ಸಾಧನೀಯ, ಆಮೇಲೆ ಸಾಧನೆ. ನಕ್ಷೆಯ ಮೂಲಕ ಬಿಡಿಸುವ ಲೆಕ್ಕವಾದರೆ ಮೊದಲು ಕೋಷ್ಟಕ. x + y = 5, 2x − y = 4 ಎಂದಿದ್ದರೆ ರೇಖೆಗಳು (3, 2)ರಲ್ಲಿ ಸೇರಬೇಕು. ಎಳೆದ ಮೇಲೆ ಬೇರೆಲ್ಲೋ ಸೇರಿದರೆ ಅಳಿಸಿ ಮತ್ತೆ ಎಳೆಯುವ ಮುನ್ನ ಅವಳು ನೋಡುವುದು ಕೋಷ್ಟಕವನ್ನು. ಹೆಚ್ಚಿನ ಸಲ ತಪ್ಪಿರುವುದು ಒಂದು ಬಿಂದು ಮಾತ್ರ.

ಉಳಿದಿರುವುದು 32 ನಿಮಿಷ

ಎತ್ತಿಟ್ಟ 20, ಉಳಿಸಿದ 12. ಈಗ ಬಿಟ್ಟುಬಂದ ಲೆಕ್ಕಕ್ಕೆ ಹೊಸ ಕಣ್ಣು. 290 ಎಡಕ್ಕೆ ಬಂದಾಗ 4 − 290, ಅಂದರೆ −286. ಎರಡರಿಂದ ಭಾಗಿಸಿದರೆ −143. ತಪ್ಪಿದ್ದು ಚಿಹ್ನೆ ಅಷ್ಟೇ. ತಪ್ಪು ಸಾಲಿನ ಮೇಲೆ ಒಂದೇ ಗೆರೆ ಎಳೆದು, ಖಾಲಿ ಜಾಗದಲ್ಲಿ (x + 13)(x − 11) = 0 ಎಂದು ಮುಗಿಸುತ್ತಾಳೆ. ಉತ್ತರ 11 ಮತ್ತು 13. ತಾಳೆ ನೋಡಿದರೆ 121 + 169 = 290.

ಉಳಿದಿರುವುದು 10 ನಿಮಿಷ

ಹೊಸದೇನನ್ನೂ ಬರೆಯುವುದಿಲ್ಲ. ನೋಂದಣಿ ಸಂಖ್ಯೆ, ಪ್ರಶ್ನೆ ಸಂಖ್ಯೆಗಳು, ನಕ್ಷೆಯ ಪ್ರಮಾಣ, ಉತ್ತರದ ಮುಂದೆ ಸೆಂ.ಮೀ. ಅಥವಾ ಚದರ ಸೆಂ.ಮೀ. ಸರಿಯಾಗಿದೆಯೇ ಎಂದು ಮಾತ್ರ ನೋಡುತ್ತಾಳೆ.

ಇದೇ ಅಳತೆ ಎಲ್ಲ ಪತ್ರಿಕೆಗೂ ಒಗ್ಗದು. ಪ್ರಥಮ ಭಾಷೆ 100 ಅಂಕದ್ದು. ಅಲ್ಲಿಯೂ 20 ನಿಮಿಷ ಎತ್ತಿಟ್ಟರೆ ಅಂಕಕ್ಕೆ ಉಳಿಯುವುದು 1.6 ನಿಮಿಷ, 5 ಅಂಕದ ಉತ್ತರಕ್ಕೆ 8 ನಿಮಿಷ. ಅಲ್ಲಿ ಸಮಯ ತಿನ್ನುವುದು ಯೋಚನೆಗಿಂತ ಬರವಣಿಗೆ. ಹಾಗಾಗಿ ಅವಳು ಪರೀಕ್ಷೆಗೆ ಮುನ್ನ 8 ನಿಮಿಷದಲ್ಲಿ ತನ್ನ ಕೈ ಎಷ್ಟು ಸಾಲು ಓಡುತ್ತದೆಂದು ಮನೆಯಲ್ಲೇ ಬರೆದು ನೋಡಿಕೊಂಡಿರುತ್ತಾಳೆ, ಪ್ರಬಂಧದ ಉದ್ದವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳುತ್ತಾಳೆ.