ಮೂರು ಊರು, ಒಂದು ಪಾಳಿಪಟ್ಟಿ

ಇಪ್ಪತ್ನಾಲ್ಕು ಗಂಟೆಯೂ ಗ್ರಾಹಕರ ಕರೆಗೆ ಓಗೊಡಬೇಕಾದ ಸಾಫ್ಟ್‌ವೇರ್ ಕಂಪನಿಗೆ ಎರಡು ದಾರಿಗಳಿವೆ. ಒಂದೇ ಊರಿನವರನ್ನು ರಾತ್ರಿಯಿಡೀ ಕೂರಿಸುವುದು ಹಳೆಯ ದಾರಿ. ರಾತ್ರಿ ಕ್ಯಾಬ್ ಹತ್ತಿ ಕೆಲಸಕ್ಕೆ ಹೋದ ಬೆಂಗಳೂರಿನವರಿಗೆ ಅದರ ಕಷ್ಟ ಹೇಳಿಕೊಡಬೇಕಿಲ್ಲ. ಇನ್ನೊಂದು ‘ಫಾಲೋ ದ ಸನ್’ ಪದ್ಧತಿ: ಭೂಮಿಯ ಮೂರು ಕಡೆ ಮೂರು ತಂಡ, ಎಲ್ಲರಿಗೂ ಅವರವರ ಹಗಲಿನಲ್ಲೇ ಕೆಲಸ.

ಬೆಂಗಳೂರು, ಡಬ್ಲಿನ್, ಸ್ಯಾನ್ ಫ್ರಾನ್ಸಿಸ್ಕೋ ಎಂದಿಟ್ಟುಕೊಳ್ಳೋಣ. ಮೂವರೂ ತಮ್ಮ ತಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಕೂತರೆ ಸಾಕೆನಿಸುತ್ತದೆ. ಸಾಲದು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದವರು ಮನೆಗೆ ಹೊರಡುವಾಗ ನಮ್ಮಲ್ಲಿ ಬೆಳಿಗ್ಗೆ 7:30. ಬೆಂಗಳೂರಿನವರು ಬರುವುದು 9ಕ್ಕೆ. ನಡುವಿನ ಒಂದೂವರೆ ಗಂಟೆ ಫೋನ್ ಎತ್ತುವವರೇ ಇಲ್ಲ. ಅತ್ತ ಮಧ್ಯಾಹ್ನ ಬೆಂಗಳೂರು, ಡಬ್ಲಿನ್ ಎರಡೂ ಮೂರೂವರೆ ಗಂಟೆ ಒಟ್ಟಿಗೆ ಕೂತಿರುತ್ತವೆ.

ಆದ್ದರಿಂದ ಪಾಳಿಗಳನ್ನು ಸ್ವಲ್ಪ ಸರಿಸಬೇಕು. ಬೆಂಗಳೂರು ಬೆಳಿಗ್ಗೆ 7ರಿಂದ ಸಂಜೆ 4, ಉಳಿದೆರಡು ಊರು 10ರಿಂದ 7. ಈಗ ಚಳಿಗಾಲದ ಲೆಕ್ಕ ನೋಡಿ: ಬೆಂಗಳೂರು ಮತ್ತು ಡಬ್ಲಿನ್ ಜೊತೆಗಿರುವುದು ಅರ್ಧ ಗಂಟೆ, ಡಬ್ಲಿನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಒಂದು ಗಂಟೆ, ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಬೆಂಗಳೂರು ಒಂದೂವರೆ ಗಂಟೆ. ಒಟ್ಟು ಮೂರು ಗಂಟೆ. ಒಂಬತ್ತು ಗಂಟೆಯ ಮೂರು ಪಾಳಿ ಸೇರಿದರೆ 27, ದಿನಕ್ಕಿರುವುದು 24. ಎಲ್ಲೂ ಖಾಲಿ ಬಿಡದೆ ಹೇಗೆ ಜೋಡಿಸಿದರೂ ಕೈಗೆ ಸಿಗುವುದು ಈ ಮೂರು ಗಂಟೆಯೇ. ಒಂದು ಕಡೆ ಹೆಚ್ಚಿಸಿದರೆ ಇನ್ನೊಂದು ಕಡೆ ಕಡಿಮೆಯಾಗುತ್ತದೆ.

ಪಟ್ಟಿ ಮಾಡುವವರು ಎಡವುವುದು ಮಾರ್ಚಿನಲ್ಲಿ. ಭಾರತದ ಗಡಿಯಾರ ವರ್ಷವಿಡೀ ಒಂದೇ. ಅಮೆರಿಕ ಮಾರ್ಚಿನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಐರ್ಲೆಂಡ್ ಕೊನೆಯ ಭಾನುವಾರ. 2026ರಲ್ಲಿ ಇವು ಮಾರ್ಚ್ 8 ಮತ್ತು 29. ನಡುವಿನ ಮೂರು ವಾರ ಬೆಂಗಳೂರಿಗೆ ಎರಡೂ ಬದಿಯಲ್ಲಿ ಸಿಗುವುದು ಅರ್ಧರ್ಧ ಗಂಟೆ ಮಾತ್ರ. ಕ್ಯಾಬ್ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡರೆ ಅದೂ ಹೋಯಿತು. ಅಕ್ಟೋಬರ್ ಕೊನೆಯಲ್ಲಿ ಇದೇ ಪಾಡು ಇನ್ನೊಂದು ವಾರ.

ಅರ್ಧ ಗಂಟೆಯಲ್ಲಿ ಐದಾರು ಕೇಸುಗಳನ್ನು ಬಾಯಲ್ಲಿ ಹೇಳಿ ಮುಗಿಸಲಾಗದು. ಆ ಹೊತ್ತು ಇರುವುದು ಅನುಮಾನ ಕೇಳುವುದಕ್ಕೆ. ವಿಷಯ ಮೊದಲೇ ಬರೆದಿರಬೇಕು. ‘ಇಮೇಲ್ ಸಮಸ್ಯೆ, ನೋಡುತ್ತಿದ್ದೇವೆ, ದಯವಿಟ್ಟು ಮುಂದುವರಿಸಿ’ ಎಂಬ ಟಿಪ್ಪಣಿಯಿಂದ ಡಬ್ಲಿನ್‌ನವರಿಗೆ ಏನೂ ತಿಳಿಯುವುದಿಲ್ಲ. ಅದೇ ಕೇಸನ್ನು ಹೀಗೆ ಬರೆಯಬಹುದು:

‘ಲಿಸ್ಬನ್‌ನ ಹೋಟೆಲ್ ಗ್ರಾಹಕರಲ್ಲಿ 08:10 ಯುಟಿಸಿಯಿಂದ ಬುಕಿಂಗ್ ಖಚಿತಪಡಿಸುವ ಇಮೇಲ್ ಹೋಗುತ್ತಿಲ್ಲ. ಬುಕಿಂಗ್ ಆಗುತ್ತಿದೆ. ಸುಮಾರು 140 ಇಮೇಲ್ ಸರದಿಯಲ್ಲಿವೆ. ಮೇಲ್ ಸರ್ವರ್ ಸರಿಯಿದೆ, ಪರೀಕ್ಷಾ ಇಮೇಲ್ ತಲುಪಿತು. 09:20ಕ್ಕೆ ಒಮ್ಮೆ ರೀಸ್ಟಾರ್ಟ್ ಮಾಡಿದೆ, ಪ್ರಯೋಜನವಾಗಲಿಲ್ಲ. ಮತ್ತೆ ಮಾಡಬೇಡಿ, ಹಳೆಯ ಇಮೇಲ್ ಎರಡೆರಡು ಸಲ ಹೋಗಬಹುದು. ನಿನ್ನೆಯ ಅಪ್‌ಡೇಟ್ ಮೇಲೆ ಸಂಶಯ, ಪುರಾವೆಯಿಲ್ಲ. 11:30ಕ್ಕೆ ಸುದ್ದಿ ಕೊಡುವುದಾಗಿ ಗ್ರಾಹಕರಿಗೆ ಹೇಳಿದ್ದೇನೆ. ಮುಂದೆ: ಅಪ್‌ಡೇಟ್ ಹಿಂತೆಗೆಯಲು ಅನುಮತಿ ಕೇಳಿ.’

ಇದರಲ್ಲಿ ಬೆಲೆಬಾಳುವ ಸಾಲು ‘ಮತ್ತೆ ಮಾಡಬೇಡಿ’ ಎಂಬುದು. ಏನು ಮಾಡಿ ಆಯಿತು, ಏನು ಮಾಡಕೂಡದು ಎಂಬುದನ್ನೇ ಜನ ಬರೆಯಲು ಮರೆಯುತ್ತಾರೆ. ಬಂದವರು ಮೊದಲು ಮಾಡುವುದೂ ಅದನ್ನೇ. ಸಂಶಯವನ್ನು ಸಂಶಯವೆಂದೇ ಬರೆದದ್ದೂ ಸರಿ. ಇಲ್ಲವಾದರೆ ಎರಡನೇ ಊರಿನಲ್ಲಿ ಅದು ‘ಕಾರಣ’ವಾಗಿ, ಮೂರನೇ ಊರಿನಲ್ಲಿ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಹೊತ್ತನ್ನು ಯುಟಿಸಿಯಲ್ಲೇ ಬರೆಯಬೇಕು. ಬರಿ ‘11:30’ ಎಂದರೆ ಮೂರು ಊರಿಗೆ ಮೂರು ಅರ್ಥ.

ಟಿಪ್ಪಣಿ ಬರೆದ ಮಾತ್ರಕ್ಕೆ ಹೊಣೆ ದಾಟುವುದಿಲ್ಲ. ಬಂದವರು ಓದಿ, ‘11:30ಕ್ಕೆ ಸುದ್ದಿ ಕೊಡುವುದು ನಾನು’ ಎಂದು ಹೇಳಿ ಟಿಕೆಟನ್ನು ತಮ್ಮ ಹೆಸರಿಗೆ ಹಾಕಿಕೊಳ್ಳುವವರೆಗೂ ಅದು ಹಳಬರದ್ದೇ. ಎಲ್ಲ ಟಿಕೆಟನ್ನೂ ದಾಟಿಸಬೇಕಿಲ್ಲ. ಗ್ರಾಹಕರ ವ್ಯಾಪಾರ ನಿಂತಿದ್ದರೆ ದಾಟಿಸಿ. ವರದಿಯ ಬಣ್ಣ ಬದಲಾಯಿಸುವ ಕೋರಿಕೆ ನಾಳೆಯವರೆಗೆ ಕಾದರೆ ನಷ್ಟವಿಲ್ಲ. ದಾಟಿಸಿದಷ್ಟು ಸಲ ಗ್ರಾಹಕರು ಹೊಸಬರಿಗೆ ಒಗ್ಗಿಕೊಳ್ಳಬೇಕು. ಪದ್ಧತಿ ಕೆಟ್ಟಿದೆಯೇ ಎಂದು ತಿಳಿಯಲು ಒಂದು ತಿಂಗಳ ಟಿಕೆಟ್ ತೆರೆದು ನೋಡಿ: ಗ್ರಾಹಕರಿಗೆ ಒಂದೇ ಪ್ರಶ್ನೆ ಎಷ್ಟು ಸಲ ಎರಡನೇ ಬಾರಿ ಹೋಗಿದೆ, ಮಲಗಿದ್ದವರನ್ನು ಎಷ್ಟು ಸಲ ಎಬ್ಬಿಸಿ ಕೇಳಲಾಗಿದೆ?

ವಾರಾಂತ್ಯಕ್ಕೆ ಮಾತ್ರ ಈ ಪಟ್ಟಿಯಲ್ಲಿ ಉತ್ತರವಿಲ್ಲ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಶುಕ್ರವಾರ ಮುಗಿಯುವುದು ನಮ್ಮ ಶನಿವಾರ ಬೆಳಿಗ್ಗೆ 8:30ಕ್ಕೆ, ಬೆಂಗಳೂರಿನ ಪಾಳಿ ಮತ್ತೆ ಶುರುವಾಗುವುದು ಸೋಮವಾರ 7ಕ್ಕೆ. ಆಗ ಅಮೆರಿಕದಲ್ಲಿ ಇನ್ನೂ ಭಾನುವಾರ, ಕೆಲಸ ಒಪ್ಪಿಸಲು ಯಾರೂ ಇರುವುದಿಲ್ಲ. ನಡುವಿನ ನಲವತ್ತಾರೂವರೆ ಗಂಟೆಗೆ ಸರದಿಯ ಮೇಲೆ ಕರೆಗೆ ಸಿಗುವವರನ್ನು ಬೇರೆಯಾಗಿ ಗೊತ್ತುಮಾಡಬೇಕು, ಅದಕ್ಕೆ ಬೇರೆ ಭತ್ಯೆಯನ್ನೂ ಕೊಡಬೇಕು.