ಪರಮಾಣು ಸರಿದೂಗಿದರೆ ಸಾಲದು, ಆವೇಶವೂ ಸರಿಹೊಂದಬೇಕು

ಸಿಇಟಿ, ಜೆಇಇಯಂತಹ ಪ್ರವೇಶ ಪರೀಕ್ಷೆಗಳ ರಸಾಯನಶಾಸ್ತ್ರ ಪತ್ರಿಕೆಗಳಲ್ಲಿ ಒಂದೇ ಸಮೀಕರಣಕ್ಕೆ ನಾಲ್ಕು ಬಗೆಯ ಗುಣಾಂಕಗಳನ್ನು ಕೊಟ್ಟು ಸರಿಯಾದುದನ್ನು ಆರಿಸುವಂತೆ ಕೇಳುವುದುಂಟು. ಎರಡೂ ಬದಿಯ ಪರಮಾಣುಗಳನ್ನು ಎಣಿಸಿದರೆ ಉತ್ತರ ಸಿಕ್ಕಿತೆಂದು ಅನೇಕ ವಿದ್ಯಾರ್ಥಿಗಳು ಭಾವಿಸುತ್ತಾರೆ. ಅಯಾನುಗಳಿರುವ ಸಮೀಕರಣದಲ್ಲಿ ಈ ಎಣಿಕೆಯೊಂದೇ ಸಾಲದು.

ಆಮ್ಲೀಯ ಮಾಧ್ಯಮದಲ್ಲಿ ಪರ್‌ಮ್ಯಾಂಗನೇಟ್ ಹಾಗೂ ಆಕ್ಸಲೇಟ್ ನಡುವಿನ ಕ್ರಿಯೆ ಇದಕ್ಕೆ ಉತ್ತಮ ನಿದರ್ಶನ.

x MnO₄⁻ + y C₂O₄²⁻ + z H⁺ → x Mn²⁺ + 2y CO₂ + (z/2) H₂O

ಇಲ್ಲಿ x, y, z ಬೆಲೆಗಳಿಗೆ ನಾಲ್ಕು ಆಯ್ಕೆಗಳಿವೆ ಎಂದುಕೊಳ್ಳೋಣ: (ಎ) 1, 1, 8, (ಬಿ) 5, 2, 16, (ಸಿ) 2, 5, 16, (ಡಿ) 2, 5, 8.

ಮೊದಲು ಆಮ್ಲಜನಕವನ್ನು ಎಣಿಸಬೇಕು. 'ಬಿ'ಯಲ್ಲಿ ಎಡಕ್ಕೆ 28, ಬಲಕ್ಕೆ 16 ಪರಮಾಣುಗಳಿವೆ. 'ಡಿ'ಯಲ್ಲಿ ಎಡಕ್ಕೆ 28, ಬಲಕ್ಕೆ 24. ಆದ್ದರಿಂದ ಇವೆರಡೂ ತಪ್ಪು. ಆದರೆ 'ಎ'ಯಲ್ಲಿ ಎರಡೂ ಬದಿಗೆ 8, 'ಸಿ'ಯಲ್ಲಿ ಎರಡೂ ಬದಿಗೆ 28 ಇವೆ. ಉಳಿದ ಪರಮಾಣುಗಳೂ ಎರಡರಲ್ಲಿಯೂ ಸರಿಯಾಗಿವೆ. ಆತುರದಲ್ಲಿರುವ ವಿದ್ಯಾರ್ಥಿ ಮೊದಲು ಕಂಡ 'ಎ'ಯನ್ನೇ ಗುರುತಿಸಿ ಮುಂದೆ ಸಾಗುವುದು ಇಲ್ಲಿಯೇ.

ಇವೆರಡನ್ನು ಬೇರ್ಪಡಿಸುವುದು ವಿದ್ಯುದಾವೇಶ. 'ಎ'ಯ ಎಡಬದಿಯ ಒಟ್ಟು ಆವೇಶ −1 −2 +8, ಅಂದರೆ +5. ಬಲಬದಿಯಲ್ಲಿರುವುದು +2 ಮಾತ್ರ. 'ಸಿ'ಯಲ್ಲಿ ಎಡಕ್ಕೆ −2 −10 +16, ಅಂದರೆ +4, ಬಲಕ್ಕೂ +4. ಹಾಗಾಗಿ ಸರಿಯುತ್ತರ 'ಸಿ'.

ಇದಕ್ಕೆ ಕಾರಣ ಎಲೆಕ್ಟ್ರಾನುಗಳ ಕೊಡು-ಕೊಳ್ಳುವಿಕೆ. ಮ್ಯಾಂಗನೀಸ್‌ನ ಉತ್ಕರ್ಷಣ ಸಂಖ್ಯೆ +7ರಿಂದ +2ಕ್ಕೆ ಇಳಿಯುವಾಗ ಅದು 5 ಎಲೆಕ್ಟ್ರಾನುಗಳನ್ನು ಪಡೆಯುತ್ತದೆ. ಒಂದು ಆಕ್ಸಲೇಟ್ ಅಯಾನು ಎರಡು CO₂ ಅಣುಗಳಾಗುವಾಗ ಬಿಟ್ಟುಕೊಡುವುದು 2 ಎಲೆಕ್ಟ್ರಾನುಗಳನ್ನು. ಪಡೆದದ್ದು ಮತ್ತು ಕೊಟ್ಟದ್ದು ಸಮನಾಗಲು 2 ಪರ್‌ಮ್ಯಾಂಗನೇಟ್‌ಗೆ 5 ಆಕ್ಸಲೇಟ್ ಬೇಕು. ಆಗ ಎರಡೂ ಕಡೆ 10 ಎಲೆಕ್ಟ್ರಾನುಗಳಾಗುತ್ತವೆ.

ಮೋಲ್ ಅನುಪಾತದ ಪ್ರಶ್ನೆಗಳೂ ಈ 2:5ನ್ನೇ ಅವಲಂಬಿಸಿವೆ. ಒಂದು ಮೋಲ್ ಆಕ್ಸಲೇಟ್‌ಗೆ ಬೇಕಾಗುವ ಪರ್‌ಮ್ಯಾಂಗನೇಟ್ 2/5, ಅಂದರೆ 0.4 ಮೋಲ್. ಅನುಪಾತವನ್ನು ತಿರುಗಿಸಿದರೆ 2.5 ಬರುತ್ತದೆ. ಇಂತಹ ತಪ್ಪು ಉತ್ತರವನ್ನೂ ಆಯ್ಕೆಗಳ ನಡುವೆ ಇರಿಸುವುದು ವಾಡಿಕೆ. ಯಾವುದರ ಒಂದು ಮೋಲ್‌ಗೆ ಎಂದು ಕೇಳಲಾಗಿದೆಯೋ ಅದರ ಗುಣಾಂಕವೇ ಛೇದವಾಗಬೇಕು.

ದ್ವಿತೀಯ ಪಿಯುಸಿ ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. 0.05 ಮೋಲಾರ್ ಆಕ್ಸಾಲಿಕ್ ಆಮ್ಲದ 20 ಮಿ.ಲೀ. ದ್ರಾವಣಕ್ಕೆ ದುರ್ಬಲ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಬಿಸಿ ಮಾಡಿ, ಬ್ಯೂರೆಟ್‌ನಿಂದ 0.02 ಮೋಲಾರ್ ಪರ್‌ಮ್ಯಾಂಗನೇಟ್ ಬಿಟ್ಟರೆ ಸುಮಾರು 20 ಮಿ.ಲೀ.ಗೆ ತಿಳಿಗುಲಾಬಿ ಬಣ್ಣ ನಿಲ್ಲುತ್ತದೆ. 'ಎ' ಸರಿಯಾಗಿದ್ದರೆ 50 ಮಿ.ಲೀ. ಬೇಕಾಗುತ್ತಿತ್ತು.

ಒಂದು ಎಚ್ಚರಿಕೆ ಅಗತ್ಯ. ಸಮೀಕರಣದಲ್ಲಿ ಆಕ್ಸಲೇಟ್ ಅಯಾನಿನ ಬದಲು H₂C₂O₄ ಎಂದು ಬರೆದಿದ್ದರೆ H⁺ ಗುಣಾಂಕ 16 ಅಲ್ಲ, 6. ಉಳಿದ 10 ಹೈಡ್ರೋಜನ್‌ಗಳು ಆಮ್ಲದ ಐದು ಅಣುಗಳಿಂದಲೇ ಬಂದಿರುತ್ತವೆ. 2:5 ಅನುಪಾತ ಮಾತ್ರ ಬದಲಾಗದು.