ನಿದ್ದೆಯ ಬೀಗದಲ್ಲಿ ಕಾಫಿಯ ಕೀಲಿ

ನಾಳೆ ಪರೀಕ್ಷೆ. ಸಂಜೆ 5ಕ್ಕೆ ಒಂದು ಲೋಟ ಗಟ್ಟಿ ಫಿಲ್ಟರ್ ಕಾಫಿ ಕುಡಿದು ಓದಲು ಕೂರುತ್ತೀರಿ. ತೂಕಡಿಕೆ ಮಾಯ. ಆದರೆ ರಾತ್ರಿ ಮಲಗಿದಾಗ ನಿದ್ದೆಯೂ ಹತ್ತಿರ ಸುಳಿಯುವುದಿಲ್ಲ. ಏಕೆ?

ಎಚ್ಚರವಿರುವಷ್ಟು ಹೊತ್ತೂ ಮಿದುಳು ಶಕ್ತಿ ಖರ್ಚು ಮಾಡುತ್ತಲೇ ಇರುತ್ತದೆ. ಆ ಖರ್ಚಿನಿಂದ ಹುಟ್ಟುವ ಅಡೆನೊಸಿನ್ ಎಂಬ ರಾಸಾಯನಿಕ ಬೆಳಗಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಕೂಡುತ್ತಾ ಹೋಗುತ್ತದೆ. ನರಕೋಶಗಳ ಮೇಲೆ ಅದಕ್ಕೆಂದೇ ಗ್ರಾಹಕಗಳಿವೆ. ಪ್ರೋಟೀನಿನಿಂದಾದ ಪುಟ್ಟ ಬೀಗಗಳು ಅನ್ನಿ. ಅಡೆನೊಸಿನ್ ಅಲ್ಲಿ ಹೊಕ್ಕರೆ ಕೋಶದ ಚಟುವಟಿಕೆ ತಗ್ಗುತ್ತದೆ, ನಮಗೆ ಆಕಳಿಕೆ ಬರುತ್ತದೆ. ಕೆಫೀನ್‌ನ ಆಕಾರ ಅಡೆನೊಸಿನ್‌ಗೆ ಹತ್ತಿರದ್ದು. ಅದು ಅದೇ ಬೀಗದೊಳಗೆ ಕೂರುತ್ತದೆ, ಆದರೆ ತಿರುಗುವುದಿಲ್ಲ. ಅಡೆನೊಸಿನ್ ಹೊರಗೇ ಉಳಿಯುತ್ತದೆ. ಕಾಫಿ ದಣಿವನ್ನು ಕಳೆಯುವುದಿಲ್ಲ, ದಣಿವಿನ ಸುದ್ದಿ ಮುಟ್ಟದಂತೆ ತಡೆಯುತ್ತದೆ, ಅಷ್ಟೇ.

ಈಗ ಲೆಕ್ಕ ಹಾಕೋಣ. ದೇಹದಲ್ಲಿರುವ ಕೆಫೀನ್ ಅರ್ಧಕ್ಕಿಳಿಯಲು ಹೆಚ್ಚುಕಮ್ಮಿ 5 ಗಂಟೆ ಬೇಕು. ಲೋಟದಲ್ಲಿ 100 ಮಿಲಿಗ್ರಾಂ ಇತ್ತೆಂದರೆ ರಾತ್ರಿ 10ಕ್ಕೆ 50, ನಸುಕಿನ 3ಕ್ಕೂ 25 ಉಳಿದಿರುತ್ತದೆ.

ನನಗೆ ಇನ್ನೂ ಸೋಜಿಗವೆನಿಸುವುದು ಮಿದುಳಿನ ಮರುಹೂಟ. ದಿನವೂ ಕೆಫೀನ್ ಬಂದು ಬೀಗಗಳನ್ನು ಮುಚ್ಚುತ್ತಿದ್ದರೆ ಮಿದುಳು ಹೊಂದಿಕೊಂಡು, ಅಡೆನೊಸಿನ್‌ಗೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಒಂದು ದಿನ ಕಾಫಿ ತಪ್ಪಲಿ, ಅಡೆನೊಸಿನ್‌ನದೇ ಕೈ ಮೇಲಾಗುತ್ತದೆ. ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ, 12ರಿಂದ 24 ಗಂಟೆಯೊಳಗೆ ತಲೆ ಸಿಡಿಯತೊಡಗುತ್ತದೆ. ಒಂದು ಕಾಫಿ ಕುಡಿದು ಸ್ವಲ್ಪ ಹೊತ್ತಿನಲ್ಲೇ ನೋವು ಇಳಿದರೆ, ಅದು ಬಹುಪಾಲು ಇದೇ ತಲೆನೋವು. ಕಾಫಿ ಕುಡಿಯದೆ ತಾಳಿಕೊಂಡರೂ ಸಾಮಾನ್ಯವಾಗಿ ವಾರದೊಳಗೆ ತಾನೇ ಹೋಗುತ್ತದೆ.

ನಿಕೋಟಿನ್‌ನ ದಾರಿ ಬೇರೆ. ಅದು ಅಸಿಟೈಲ್‌ಕೋಲಿನ್‌ನ ಬೀಗಕ್ಕೆ ಹೊಕ್ಕು ನಿಜವಾಗಿಯೂ ತಿರುಗುತ್ತದೆ. ಸಿಗರೇಟಿನ ಹೊಗೆ ಎಳೆದ 10–20 ಸೆಕೆಂಡಿನಲ್ಲಿ ಮಿದುಳಿಗೆ ತಲುಪಿ, ಹಿತದ ಭಾವಕ್ಕೆ ಸಂಬಂಧಿಸಿದ ಡೋಪಮಿನ್ ಸುರಿಯುವಂತೆ ಮಾಡುತ್ತದೆ. ಅಸಿಟೈಲ್‌ಕೋಲಿನ್ ಕೆಲಸ ಮುಗಿಸಿದ ತಕ್ಷಣ ಅದನ್ನು ಒಡೆಯುವ ಕಿಣ್ವ ಅಲ್ಲೇ ಕಾದಿರುತ್ತದೆ. ಆ ಕಿಣ್ವಕ್ಕೆ ನಿಕೋಟಿನ್ ಬಗ್ಗುವುದಿಲ್ಲ. ಅತಿಯಾದ ಈ ಒತ್ತಡಕ್ಕೆ ಗ್ರಾಹಕಗಳು ಮರಗಟ್ಟುತ್ತವೆ, ಮಿದುಳು ಅವುಗಳ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ರಾತ್ರಿಯಿಡೀ ಹೊಗೆಯಿಲ್ಲದೆ ಅವೆಲ್ಲ ಮತ್ತೆ ಚುರುಕಾಗಿರುತ್ತವೆ. ಬೆಳಗಿನ ಮೊದಲ ಸಿಗರೇಟು ಅಷ್ಟು ಹಿತವೆನಿಸಲು, ಅದಿಲ್ಲದಿದ್ದರೆ ಸಿಡುಕು ಏರಲು ಇದೂ ಕಾರಣ. ಗುಟ್ಕಾದಲ್ಲಿರುವುದೂ ಇದೇ ನಿಕೋಟಿನ್, ಬಾಯಿಯ ಒಳಚರ್ಮದ ಮೂಲಕ ನಿಧಾನವಾಗಿ ಇಳಿಯುತ್ತದೆ.

ಮದ್ಯಕ್ಕೆ ಇಂಥದೇ ಎಂಬ ಒಂದು ಗ್ರಾಹಕವಿಲ್ಲ. ನರಕೋಶವನ್ನು ಶಾಂತಗೊಳಿಸುವ ಗಾಬಾ ಗ್ರಾಹಕದ ಕೆಲಸವನ್ನು ಅದು ಹೆಚ್ಚಿಸುತ್ತದೆ, ಚುರುಕುಗೊಳಿಸುವ ಗ್ಲುಟಮೇಟ್ ಗ್ರಾಹಕವನ್ನು ಅದುಮುತ್ತದೆ. ನೆನಪು ಅಚ್ಚೊತ್ತಲು ಈ ಎರಡನೆಯದು ಬೇಕೇ ಬೇಕು. ಮಿತಿಮೀರಿ ಕುಡಿದವರು ರಾತ್ರಿ ಮಾತಾಡಿದ್ದನ್ನು ಬೆಳಗ್ಗೆ ನೆನೆಯಲಾರರು. ಆ ಮಾತು ನೆನಪಾಗಿ ದಾಖಲಾಗಿಯೇ ಇರುವುದಿಲ್ಲ. ವರ್ಷಗಟ್ಟಲೆ ಕುಡಿದವರ ಮಿದುಳು ಶಾಂತಗೊಳಿಸುವ ಗ್ರಾಹಕಗಳನ್ನು ಮೊಂಡಾಗಿಸಿ, ಚುರುಕಿನವನ್ನು ಹೆಚ್ಚಿಸಿಕೊಂಡಿರುತ್ತದೆ. ಅಂಥವರು ಒಮ್ಮೆಲೇ ಬಿಟ್ಟರೆ ತಡೆಯುವವರಿಲ್ಲದೆ ನರಕೋಶಗಳು ಕೆರಳುತ್ತವೆ. ಕೈನಡುಕ, ಕೆಲವರಿಗೆ ಫಿಟ್ಸ್, ಪ್ರಾಣಾಪಾಯವೂ ಬರಬಹುದು. ಮನೆಯಲ್ಲಿ ಅಂಥವರಿದ್ದರೆ ಬಾಟಲಿ ಬಚ್ಚಿಟ್ಟು ಬಿಡಿಸಲು ಹೋಗಬಾರದು, ವೈದ್ಯರ ಕಣ್ಣೆದುರಿನಲ್ಲೇ ಬಿಡಿಸಬೇಕು.